ಏಳು ನಿಮಿಷದ ಮೊಟ್ಟೆ

ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಯಜಮಾನರ ಗಂಟಲು ಸೋತಿತ್ತು. ಒಣಗಿದ್ದು, ಪುಡಿಯಾಗುವಂಥದ್ದು ಕೊಟ್ಟರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಯಜಮಾನರಿಗೋ ಮೊಟ್ಟೆಯೆಂದರೆ ಪ್ರಾಣ. ನಾನು ಕುದಿಯುವ ನೀರಿಗೆ ಮೊಟ್ಟೆ ಇಳಿಸಿ, ಗಡಿಯಾರ ನೋಡಿ ಏಳು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕುತ್ತಿದ್ದೆ. ಜೇನಿನ ಹಾಗೆ ಮೆತ್ತಗಿರುತ್ತಿದ್ದ ಹಳದಿಯನ್ನಷ್ಟೇ ಚಮಚದಲ್ಲಿ ತಿನ್ನಿಸುತ್ತಿದ್ದೆ.

ಆ ದಿನ ಬೆಳಿಗ್ಗೆ ಔಷಧಿ ತರಲು ಹೊರಟವಳು ನಾದಿನಿಗೆ ಹೇಳಿದೆ, “ಹಳದಿ ಮಾತ್ರ ಕೊಡು. ಏಳು ನಿಮಿಷ ಕಣೇ, ಹೆಚ್ಚು ಬೇಡ.”

“ಅತ್ತಿಗೆ, ಮೊಟ್ಟೆ ಬೇಯಿಸೋಕೂ ನಂಗೆ ಪಾಠನಾ?” ಎಂದು ನಕ್ಕಳು. ಅವರೂ ಸೊಟ್ಟ ಬಾಯಲ್ಲೇ ನಕ್ಕರು.

ನಾನು ಮರಳುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಯಜಮಾನರ ಉಸಿರು ನಿಂತಿತ್ತು. ತಟ್ಟೆಯಲ್ಲಿ ಉಳಿದಿದ್ದ ಹಳದಿ ಮುಟ್ಟಿದರೆ ಹಿಟ್ಟಿನಂತೆ ಉದುರಿತು.

“ಮೊಟ್ಟೆ ತಣ್ಣೀರಲ್ಲಿಟ್ಟು ಸಣ್ಣ ಉರಿ ಹಚ್ಚಿದೆ ಅತ್ತಿಗೆ. ಕುದಿ ಬಂದ್ಮೇಲೆ ಏಳು ನಿಮಿಷ ಎಣಿಸಿದೆ, ಒಂದು ನಿಮಿಷನೂ ಹೆಚ್ಚಿಲ್ಲ,” ಎಂದು ಅವಳು ಅಳುತ್ತಿದ್ದಳು.

ತಣ್ಣೀರಿನಲ್ಲಿಟ್ಟ ಮೊಟ್ಟೆ ನೀರು ಕುದಿಯುವ ಹೊತ್ತಿಗೇ ಅರ್ಧ ಬೆಂದಿರುತ್ತದೆ. ಮತ್ತೆ ಏಳು ನಿಮಿಷ ಬಿಟ್ಟರೆ ಹಳದಿ ಒಣಗಿಬಿಡುತ್ತದೆ. ಅದು ನನಗೆ ಗೊತ್ತಿತ್ತು. ಯಾವ ನೀರು ಎಂದು ನಾನು ಹೇಳಿರಲಿಲ್ಲ.

ಹನ್ನೊಂದು ವರ್ಷವಾಯಿತು. ಈಗಲೂ ಅವಳು ಒಮ್ಮೊಮ್ಮೆ ಕೇಳುತ್ತಾಳೆ, “ಏಳೇ ಅಲ್ವಾ ಅತ್ತಿಗೆ, ನೀವು ಹೇಳಿದ್ದು?”

“ಏಳೇ. ನೀನು ಸರಿಯಾಗೇ ಎಣಿಸಿದ್ದೆ,” ಎನ್ನುತ್ತೇನೆ. ನೀರಿನ ಮಾತು ಮಾತ್ರ ಇನ್ನೂ ನನ್ನ ಬಾಯಿಗೆ ಬಂದಿಲ್ಲ.