ಗೋಡೆ ನೋಡುವ ಕೋರ್ಸು

ಭಾಲ್ಕಿಯ ಬೇಳೆ ಮಿಲ್ಲಿನಲ್ಲಿ ಚಂದ್ರಭಾಗಾಳ ಹಲ್ಲಿಗೆ ಸಾಟಿಯಿರಲಿಲ್ಲ. ಒಂದು ತೊಗರಿ ಕಾಳು ಕಡಿದರೆ ಸಾಕು, ತೇವ ಎಷ್ಟಿದೆ ಎಂದು ಯಂತ್ರಕ್ಕಿಂತ ಮೊದಲೇ ಹೇಳುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಐದು ಮಂದಿ ಪದವೀಧರ ಸೂಪರ್‌ವೈಸರ್‌ಗಳಿಗೆ ಕೆಲಸ ಕಲಿಸಿದವಳೂ ಅವಳೇ. ಆ ಹುದ್ದೆ ಮತ್ತೆ ಖಾಲಿಯಾದಾಗ ಮಾಲೀಕ ಅಮರನಾಥರ ಮುಂದೆ ಹೋಗಿ ನಿಂತಳು.

"ಡಿಗ್ರಿ ಬೇಕವ್ವಾ," ಎಂದರು ಅವರು.

"ಕಾಲೇಜಿನ್ಯಾಗ ತೊಗರಿ ಕಡಿಯೋದು ಕಲಸ್ತಾರೇನ್ರಿ?"

"ಏನೂ ಕಲಸಂಗಿಲ್ಲ. ಆದ್ರ ಮೂರು ವರ್ಷ ಸುಮ್ಮನ ಕುಂತು ಪಾಸಾಗ್ಯಾರಂದ್ರ, ಇಲ್ಲೂ ಕೂಡ್ತಾರಂತ ನನಗ ಖಾತ್ರಿ ಆಗ್ತದ."

"ನಾ ಹನ್ನೆರಡು ವರ್ಷ ಕುಂತೀನಲ್ರಿ!"

"ನಿನಗ ಪಗಾರ ಕೊಟ್ಟೀನಿ. ಪಗಾರಕ್ಕ ಯಾರರೆ ಕೂಡ್ತಾರ. ಫೀಸು ಕಟ್ಟಿ ಕುಂತ್ರ ಅದು ಪುರಾವಿ."

ಚಂದ್ರಭಾಗಾಳಿಗೆ ರೇಗಿತು. "ಹಂಗಾರ ಫೀಸು ನಿಮಗೇ ಕಟ್ತೀನ್ರಿ. ಮೂರು ವರ್ಷ ಗೋದಾಮಿನ ಗ್ವಾಡಿ ನೋಡ್ಕೋತ ಕೂಡ್ತೀನಿ, ಸರ್ಟಿಫಿಕೇಟ್ ಕೊಡ್ರಿ!"

ಅಮರನಾಥರು ನಗಲಿಲ್ಲ, ಯೋಚಿಸಿದರು. ಜೂನ್‌ನಲ್ಲಿ ಗೋದಾಮಿಗೆ ಬೋರ್ಡು ಬಿತ್ತು: ಗೋಡೆ ವೀಕ್ಷಣೆ, ಮೂರು ವರ್ಷದ ಕೋರ್ಸು. ಇನ್ನು ಸೂಪರ್‌ವೈಸರ್ ಆಗಲು ಅದೇ ಕಡ್ಡಾಯ. ಬೀದರ, ಔರಾದಗಳಿಂದ ಪದವೀಧರರು ಬಂದು ಸಾಲುಗಟ್ಟಿದರು. ಚಂದ್ರಭಾಗಾಳೂ ಫೀಸು ಹಿಡಿದು ನಿಂತಳು.

ಗುಮಾಸ್ತ ತಲೆಯೆತ್ತದೆ ಕೇಳಿದ: "ಡಿಗ್ರಿ ಎಲ್ಲ್ಯದರಿ?"

"ಗ್ವಾಡಿ ನೋಡ್ಲಿಕ್ಕೂ ಡಿಗ್ರಿ ಬೇಕೇನ್ರಿ?"

"ಮತ್ತ? ನಿಮಗ ನೋಡ್ಲಿಕ್ಕ ಬರ್ತದಂತ ನಮಗ ಹ್ಯಾಂಗ ಗೊತ್ತಾಗ್ಬೇಕ್ರಿ?"