ಮೂರನೇ ಮಹಡಿಯ ಬಿಸಿನೀರು

ಗ್ಯಾಸ್ ಗೀಸರ್ ಟಿಕ್ ಟಿಕ್ ಎಂದು ಮತ್ತೆ ಸುಮ್ಮನಾಯಿತು. ಮಾಯಮ್ಮ ಬಚ್ಚಲಿನಿಂದಲೇ ತೀರ್ಪು ಕೊಟ್ಟರು.

"ಸೋಮವಾರದ ಗುಂಡ್ಲುಪೇಟೆ ಬಸ್ಸಿಗೆ ಹೊಂಟೋಯ್ತೀನಿ ಕನವ್ವ. ಈ ಊಟಿ ಚಳೀಲಿ ಒದ್ದೆ ಬಟ್ಟೇಲಿ ಮೈ ಒರೆಸ್ಕೊಳಕ್ಕೆ ನಾನೇನು ಆಸ್ಪತ್ರೇಲಿ ಮಲಗಿದ್ದೀನಾ?"

ಪ್ರೇಮಲತಾ ಒಲೆಯ ಮೇಲೆ ಕಾಯುತ್ತಿದ್ದ ನೀರು ಇಳಿಸಿ ಒಳಗೆ ಕೊಟ್ಟಳು. ಎಷ್ಟೋ ವರ್ಷಗಳ ನಂತರ ಅವ್ವ ಬೇಸಿಗೆ ಕಳೆಯಲು ಒಪ್ಪಿ ಬಂದಿದ್ದರು. ನಲ್ಲಿಯ ನೀರು ನೂಲಿನಂತೆ ಇಳಿದರೆ ಗೀಸರ್ ಹೊತ್ತುವುದಿಲ್ಲ; ಗೀಸರ್ ಹೊತ್ತದಿದ್ದರೆ ಅವ್ವ ನಿಲ್ಲುವುದಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬೇರೆ ಅವಳೇ. ಹಾಗಾಗಿ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ತಮಿಳಿನಲ್ಲಿ ಒಂದು ನೋಟೀಸು ಅಂಟಿಸಿದ್ದಳು. ಪೈಪು, ಜಾಲರಿ ಎಲ್ಲ ತೊಳೆಸಿಯೂ ಮೂರನೇ ಮಹಡಿಯಲ್ಲಿ ನೀರಿಗೆ ರಭಸವಿಲ್ಲ, ಆದ್ದರಿಂದ ಟೆರೇಸಿನಲ್ಲಿ ನೀರು ಎಳೆಯುವ ಬೂಸ್ಟರ್ ಪಂಪ್ ಕೂರಿಸುವ ಪ್ರಸ್ತಾಪವಿದೆ, ಭಾನುವಾರ ಸಭೆ.

ಆ 'ಎಳೆಯುವ' ಎಂಬ ಮಾತು ನೆಲಮಹಡಿಯ ಭೋಜನ್ ಅವರ ಕಣ್ಣಿಗೆ ಮುಳ್ಳಾಯಿತು. ಊರಾದ ನಂಜನಾಡಿನ ಇಳಿಜಾರಿನ ಮೆಟ್ಟು ಮೆಟ್ಟು ಹೊಲಗಳಲ್ಲಿ ಕ್ಯಾರೆಟ್, ಆಲೂಗಡ್ಡೆ ಬೆಳೆದು, ಮೊಮ್ಮಕ್ಕಳ ಶಾಲೆಗೆಂದು ಇಲ್ಲಿ ಮನೆ ಕೊಂಡವರು ಅವರು.

ಭಾನುವಾರ ಬಿಸಿಲು ಕಾಯುತ್ತ ಎಲ್ಲರೂ ಟೆರೇಸಿನಲ್ಲಿ ಕೂತರು. ಭೋಜನ್ ಮಾತ್ರ ಕೂರಲಿಲ್ಲ. ಬಡಗ ಮಾತಿನ ಅವರ ಬಾಯಲ್ಲಿ 'ನಮ್ಮ' ಎನ್ನುವುದು 'ನಂಗ' ಆಗುತ್ತಿತ್ತು.

"ಸೆಕ್ರೆಟರಿಯಮ್ಮಾ, ನಂಗ ಊರಲ್ಲಿ ಮೇಲಿನವ ಹಳ್ಳಕ್ಕೆ ಮೋಟಾರ್ ಇಟ್ಟ. ಎಳೆದ, ಎಳೆದ. ಕೆಳಗೆ ನಂಗ ಪೈಪಲ್ಲಿ ಕೆಸರು ಕೆಮ್ಮಿತು. ನೀವೂ ಮೇಲಿನವರೇ."

"ಅವರಮ್ಮನ ಸ್ನಾನಕ್ಕೆ ನಮಗೆ ಕೆಸರಾ?" ಒಂದನೇ ಮಹಡಿಯ ರಾಜೇಶ್‌ಕುಮಾರ್ ನಕ್ಕ.

ಮಾಯಮ್ಮ ಶಾಲು ಬಿಗಿದುಕೊಂಡರು. "ನಿಮ್ಮ ಪಾಲಿನ ಕೆಸರು ನಂಗೇನು ಬೇಡ ಬುಡಪ್ಪ. ನಾಳೆ ಹೋಗೋಳು ನಾನು."

ಪ್ರೇಮಲತಾ ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆಯಹೊರಟಳು. ಟ್ಯಾಂಕು ಬರೆದದ್ದು ಕುಂಬಳಕಾಯಿಯಂತೆ ಕಂಡಿತು. ಭೋಜನ್ ಚಿತ್ರ ಬಿಟ್ಟು ನಿಜವಾದ ಟ್ಯಾಂಕನ್ನೇ ನೋಡಿದರು. ಅದರ ಸುತ್ತ ಒಂದು ಸುತ್ತು ಬಂದರು.

"ನಿಮ್ಮ ಬಚ್ಚಲು ಎಲ್ಲಿ?"

"ಇದರ ಕೆಳಗೇ. ಟ್ಯಾಂಕಿಗೂ ನಮ್ಮ ನಲ್ಲಿಗೂ ನಡುವೆ ಎತ್ತರವೇ ಇಲ್ಲ. ನಿಮ್ಮ ಮನೆಗೆ ಇಡೀ ಕಟ್ಟಡದ ಎತ್ತರದಿಂದ ನೀರು ಇಳಿಯುತ್ತದೆ."

ಭೋಜನ್ ಹಣೆ ತಟ್ಟಿಕೊಂಡರು. "ಅಯ್ಯೋ, ಇದು ನಂಗ ಮೇಲಿನ ಮೆಟ್ಟು ಹೊಲ. ತೊಟ್ಟಿ ಪಕ್ಕದಲ್ಲೇ ಇದೆ, ಆದರೂ ಸ್ಪ್ರಿಂಕ್ಲರ್ ಸುತ್ತೋದಿಲ್ಲೆ. ಸುಮ್ಮನೆ ಉಗುಳ್ತದೆ. ಕೆಳಗಿನ ಮೆಟ್ಟಲ್ಲಿ ದೆವ್ವ ಹಿಡಿದ ಹಾಗೆ ಸುತ್ತುತ್ತದೆ. ಮೇಲಿನ ಮೆಟ್ಟಿಗೆ ಮಾತ್ರ ನಾನೂ ಒಂದು ಸಣ್ಣ ಮೋಟಾರ್ ಇಟ್ಟಿದ್ದೀನಿ."

"ಇದೂ ಹಾಗೇ. ಮೂರನೇ ಮಹಡಿಗೆ ಇಳಿಯೋ ಪೈಪಿಗಷ್ಟೇ. ನಲ್ಲಿ ತಿರುಗಿಸಿದರೆ ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಕರೆಂಟು ಹೋದರೆ ಪಂಪಿನ ಪಕ್ಕದಲ್ಲಿ ಹಾಕುವ ಇನ್ನೊಂದು ಪೈಪಿನಲ್ಲಿ ಈಗಿನಷ್ಟು ನೀರು ಬರುತ್ತದೆ. ನಿಮ್ಮ ಪೈಪಿನ ತಂಟೆಗೆ ಬರೋದಿಲ್ಲ."

"ಹಾಗಾದರೆ ಇದು ನೂಕೋದು. ಎಳೆಯೋದು ಅಂತ ಯಾಕಮ್ಮಾ ಬರೆದಿರಿ?"

ಪ್ರೇಮಲತಾ ನಾಲಿಗೆ ಕಚ್ಚಿಕೊಂಡಳು. ಪಂಪು ಎಂದರೆ ಎಳೆಯುವುದು ಎಂದಷ್ಟೇ ಅವಳು ತಿಳಿದಿದ್ದಳು.

"ಟ್ಯಾಂಕು ಬೇಗ ಖಾಲಿಯಾಗಲ್ವಾ?" ರಾಜೇಶ್‌ಕುಮಾರ್ ಕೇಳಿದ.

"ಪಂಪು ನೀರು ಹುಟ್ಟಿಸೋದಿಲ್ಲ. ನಲ್ಲಿ ಬಿಟ್ಟು ಮರೆತರೆ ಈಗಿನದಕ್ಕಿಂತ ಬೇಗ ಖಾಲಿಯಾಗುತ್ತದೆ. ಮರೆಯಬಾರದು, ಅಷ್ಟೇ."

ಭೋಜನ್ ಮೊದಲು ಕೈಯೆತ್ತಿದರು. ಉಳಿದವರೂ ಎತ್ತಿದರು. ಆದರೆ ಫೋನಿನಲ್ಲಿ ಪ್ಲಂಬರ್ ಸುರೇಂದ್ರನ್ ಕೋತಗಿರಿಯ ಕೆಲಸ ಮುಗಿಯದೆ ಬರಲಾರೆ, ಮುಂದಿನ ವಾರ ನೋಡೋಣ ಎಂದ. ಪ್ರೇಮಲತಾ ಅವ್ವನ ಮುಖ ನೋಡಿದಳು. ಅವ್ವ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದರು.

ಭೋಜನ್ ಅವರ ಹೆಂಡತಿ ನಂಜಿ ಮಾಯಮ್ಮನ ಕೈ ಹಿಡಿದರು. "ಅಕ್ಕಾ, ಅಲ್ಲೀವರೆಗೂ ನಮ್ಮನೇಲಿ ಮೀಯಿರಿ. ನಮ್ಮದು ಕೆಳಗಿನ ಮೆಟ್ಟು."

ಸೋಮವಾರ ಬಸ್ಸು ಹೋಯಿತು, ಮಾಯಮ್ಮ ಹೋಗಲಿಲ್ಲ. ಸೀಗೆಪುಡಿ, ಹರಳೆಣ್ಣೆ ಹಿಡಿದು ಕೆಳಗಿಳಿದರು. ಮಂಗಳವಾರವೂ ಇಳಿದು ಗಂಟೆಗಟ್ಟಲೆ ಮಿಂದರು. ಸ್ನಾನವಾದ ಮೇಲೆ ನಂಜಿಯ ಜೊತೆ ಕಾಫಿ, ಕಾಫಿಯಾದ ಮೇಲೆ ಇಬ್ಬರ ಸೊಸೆಯರ ವಿಚಾರ.

"ಪಂಪು ಗಿಂಪು ಯಾಕವ್ವ? ಕೆಳಗೇ ಸುಖವಾಗಿ ಅದೆ," ಎಂದು ಮಗಳಿಗೆ ಹೇಳಿದರು.

ಬುಧವಾರ ಬೆಳಿಗ್ಗೆ ಅವ್ವ ಕೆಳಗೆ ಮೀಯಲು ಇಳಿದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಹೆಗಲ ಮೇಲೆ ಟವೆಲ್, ತಲೆಗೆ ಎಣ್ಣೆ, ಮೇಲೊಂದು ಸ್ವೆಟರ್. ಭೋಜನ್ ನಡುಗುತ್ತ ನಿಂತಿದ್ದರು.

"ಸೆಕ್ರೆಟರಿಯಮ್ಮಾ, ಕೋತಗಿರಿಗೆ ನನ್ನ ಜೀಪಲ್ಲೇ ಹೋಗಿ ಆ ಸುರೇಂದ್ರನನ್ನ ಕರಕೊಂಡು ಬರ್ತೀನಿ. ಅವನು ಕೆಲಸ ಮಾಡ್ತಿರೋ ಮನೆ ಅಡ್ರೆಸ್ ಕೊಡಿ."