ಸೆರಗು ಬೇರೆ, ಖಣ ಬೇರೆ

ಇಳಕಲ್ಲಿನಲ್ಲಿ ಮನೆಯಲ್ಲೇ ಸೀರೆ ಮಾರುವ ಗುರುಲಿಂಗವ್ವನಿಗೆ, ತನ್ನಷ್ಟು ವ್ಯವಹಾರಸ್ಥೆ ಸುತ್ತ ಹತ್ತೂರಿನಲ್ಲಿ ಇಲ್ಲ ಎಂಬ ನಂಬಿಕೆ ಇತ್ತು. ಗಂಡ ರಾಚಪ್ಪ ಮಗ್ಗದಿಂದ ತಲೆ ಎತ್ತದೆ ಹೇಳಿಬಿಟ್ಟಿದ್ದ: "ಮಗಳು ಬನಶಂಕರಿ ಎಂಟನೇತ್ತೆ ಓದಲಿ. ಖರ್ಚು ವರ್ಷಕ್ಕ ಮುನ್ನೂರರ ಒಳಗ ಆಗಬೇಕು. ಇಲ್ಲಾಂದ್ರ ಮನ್ಯಾಗ ಕುಂತು ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಲಿ."

ಊರ ಹೈಸ್ಕೂಲಿನ ಫೀ ತಿಂಗಳಿಗೆ ಹದಿನೆಂಟು, ಹುನಗುಂದದ್ದು ಹನ್ನೆರಡು. ಇನ್ನೇನು ಬೇಕು? "ಆರು ರೂಪಾಯಿ ಉಳಿಸೀನಿ ನೋಡ್ರಿ" ಎಂದು ಓಣಿಗೆಲ್ಲ ಹೇಳಿಕೊಂಡು, ಮಗಳನ್ನು ಕರೆದುಕೊಂಡು ಹುನಗುಂದಕ್ಕೆ ಹೋದಳು.

ಅಲ್ಲಿನ ಗುಮಾಸ್ತ ಪೆನ್ನು ಹಿಡಿದು ನಿಧಾನವಾಗಿ ಹೇಳಿದ: "ಯೂನಿಫಾರ್ಮ್ ನಮ್ಮ ಸ್ಟೋರದಾಗ ತಗೋಬೇಕ್ರಿ, ಎರಡು ಜೋಡಿ ನೂರಾ ಹತ್ತು. ಇಳಕಲ್ಲಿಂದ ಬರೂ ಗಾಡಿಗೆ ತಿಂಗಳಿಗೆ ಹದಿನೈದು. ವಾರ್ಷಿಕ ವಂತಿಗಿ ನಲವತ್ತು."

"ಅಯ್ಯ, ಮೊನ್ನಿ ಹನ್ನೆರಡು ಅಂದಿದ್ರಲ್ರಿ?"

"ನೀವು ಫೀ ಕೇಳಿದ್ರಿ, ಫೀ ಹೇಳಿದ್ವಿ."

ಹತ್ತು ತಿಂಗಳ ಲೆಕ್ಕ ಹಾಕಿದರೆ ನಾಲ್ಕುನೂರಾ ಇಪ್ಪತ್ತು. ಬನಶಂಕರಿ ಮುಖ ಕೆಳಗೆ ಮಾಡಿದಳು. ಗುರುಲಿಂಗವ್ವನ ಕಿವಿಯಲ್ಲಿ ಮಾತ್ರ ಆ ಮಾತು ಕುಣಿಯತೊಡಗಿತು. ಇದನ್ನು ಎಲ್ಲೋ ಕೇಳಿದ್ದೇನಲ್ಲ! ಕೇಳಿದ್ದಲ್ಲ, ದಿನವೂ ತಾನೇ ಹೇಳಿದ್ದು: "ನೀವು ಸೀರಿ ಬೆಲಿ ಕೇಳಿದ್ರಿ ತಂಗಿ, ಸೆರಗು ಬ್ಯಾರೆ, ಕುಪ್ಪಸದ ಖಣ ಬ್ಯಾರೆ." ಇಪ್ಪತ್ತು ವರ್ಷ ಅಷ್ಟು ಜನಕ್ಕೆ ತಾನೇ ಹಾಸಿದ ಬಲೆಯಲ್ಲಿ ತಾನೇ ಸೆರಗು ಸಮೇತ ಸಿಕ್ಕಿದ್ದಳು, ಜಾಣೆ.

ಹಣ ಕಟ್ಟದೆ ತಿರುಗಿ ಬಸ್ಸು ಹತ್ತಿದಳು. ಮರುದಿನ ಊರ ಹೈಸ್ಕೂಲಿನ ಕಚೇರಿಯಲ್ಲಿ, ಗುಮಾಸ್ತ ಶಂಕ್ರಪ್ಪನ ಮುಂದೆ ಗತ್ತಿನಿಂದ ನಿಂತು ಕೇಳಿದಳು: "ಸೆರಗು, ಖಣ ಎಲ್ಲಾ ಸೇರಿ ಎಷ್ಟ್ರಿ?"

ಶಂಕ್ರಪ್ಪ ಕನ್ನಡಕ ಇಳಿಸಿದ. "ಅಕ್ಕಾರ, ಇದು ಸಾಲಿ ರೀ."

"ಗೊತ್ತೈತಿ. ಫೀ ಅಷ್ಟ ಹೇಳಬ್ಯಾಡ್ರಿ. ಉಡೂದು, ಬರೂದು, ವರ್ಷದ್ದು, ಬಿಡದ ಹೇಳ್ರಿ."

ಅವನು ನಕ್ಕುಬಿಟ್ಟ. "ಫೀ ಹತ್ತು ತಿಂಗಳಿಗೆ ನೂರಾ ಎಂಬತ್ತು, ವಾರ್ಷಿಕ ನಲವತ್ತೈದು. ಬಟ್ಟಿ ಎಲ್ಲೆರ ತಗೋರಿ, ಬಣ್ಣ ಒಂದಾದ್ರ ಸಾಕು. ಗಾಡಿ ಯಾಕ, ನಿಮ್ಮ ಮನಿ ಹಿಂದಿನ ಓಣ್ಯಾಗ ಐತಿ. ಅಲ್ರಿ ಅಕ್ಕಾರ, ದೀಪಾವಳಿಗೆ ನಮ್ಮ ಮನಿಯಾಕಿಗೆ ನಿಮ್ಮ ಹತ್ರ ಸೀರಿ ತಗೊಂಡಾಗ ನಾನೂ ಹಿಂಗ ಕೇಳಬೇಕಿತ್ತು."

ಗುರುಲಿಂಗವ್ವ ಕೆಮ್ಮಿದಳು. ಬಟ್ಟೆ ಅರವತ್ತರಲ್ಲಿ ಮುಗಿದರೆ ಒಟ್ಟು ಇನ್ನೂರಾ ಎಂಬತ್ತೈದು, ಗಂಡ ಹೇಳಿದ ಮುನ್ನೂರರ ಒಳಗೇ. ಮಗಳು ಆಗಲೇ ಅರ್ಜಿಯ ಮೇಲೆ ಹೆಸರು ಬರೆಯುತ್ತಿದ್ದಳು.

"ಖಣ ಒಂದು ಕಳಿಸ್ತೇನಿ ಅಂತ ಹೇಳ್ರಿ ನಿಮ್ಮ ಮನಿಯಾಕಿಗೆ," ಎಂದಳು. ಸೆರಗು ಸರಿಮಾಡಿಕೊಂಡು ಸೇರಿಸಿದಳು: "ಪುಕ್ಕಟೆ. ಹೊಲಿಗಿ ಮಾತ್ರ ಬ್ಯಾರೆ."